ಬೂದು ಅಕ್ಷರದ ಜಗಲಿ ಪರೀಕ್ಷೆ

ಭಟ್ಕಳ ರೈಲು ನಿಲ್ದಾಣದ ಹೆಸರುಹಲಗೆ ಹಳದಿ, ಅದರ ಮೇಲಿನ ಅಕ್ಷರ ಕಪ್ಪು. ದೇಶದ ಯಾವ ನಿಲ್ದಾಣಕ್ಕೆ ಹೋದರೂ ಹೆಚ್ಚುಕಡಿಮೆ ಇದೇ ಜೋಡಿ. ಆಷಾಢದ ಮಳೆ ಅಡ್ಡ ಹೊಡೆಯುತ್ತಿರಲಿ, ಬೋಗಿಯ ಕಿಟಕಿಗೆ ಹಬೆ ಕಟ್ಟಿರಲಿ, ಅರೆನಿದ್ದೆಯಲ್ಲಿ ಕಣ್ಣುಜ್ಜುತ್ತ ನೋಡಿದರೂ ಊರಿನ ಹೆಸರು ತಿಳಿಯುತ್ತದೆ. ಆ ಹಲಗೆ ಬರೆಸಿದವರಿಗೆ 'ಇಷ್ಟು ಕಪ್ಪು ಬೇಡ, ಸ್ವಲ್ಪ ಮಂದ ಮಾಡಿ, ನೋಡಲು ನಯವಾಗಿರುತ್ತದೆ' ಎಂದು ಸಲಹೆ ಕೊಡುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಮುರ್ಡೇಶ್ವರದ ಶಿವನನ್ನು ನೋಡಲು ಹೊರಟವರು ಶಿರೂರಿನಲ್ಲಿ ಇಳಿದು ಆಟೋದವರ ಹೊಟ್ಟೆ ತುಂಬಿಸುತ್ತಿದ್ದರು.

ಸಲಹೆ ಕೊಡುವ ಆ ಜನ ಈಗ ಎಲ್ಲಿದ್ದಾರೆಂದು ನನಗೆ ಗೊತ್ತು. ಅವರೆಲ್ಲ ವೆಬ್‌ಸೈಟು ಮಾಡುತ್ತಿದ್ದಾರೆ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಇಡುವುದು ಅವರ ಪಾಲಿಗೆ ಸಭ್ಯತೆಯ ಲಕ್ಷಣ. ಕಪ್ಪು ಎಂದರೆ ಗಟ್ಟಿ ದನಿಯಲ್ಲಿ ಮಾತಾಡಿದ ಹಾಗೆ, ಬೂದು ಎಂದರೆ ತಗ್ಗಿದ ದನಿ. ದನಿ ಎಷ್ಟು ತಗ್ಗಿದೆಯೆಂದರೆ ಹೇಳಿದ್ದೇನೆಂದೇ ಕೇಳಿಸುವುದಿಲ್ಲ. ವೆಬೇಮ್ ಎಂಬ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ವೆಬ್‌ಸೈಟುಗಳ ಮುಖಪುಟವನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2024ರಲ್ಲಿ ಅವುಗಳಲ್ಲಿ ಶೇಕಡಾ 81ರಷ್ಟು ಪುಟಗಳಲ್ಲಿ ಹಿನ್ನೆಲೆಯಿಂದ ಸಾಕಷ್ಟು ಬೇರ್ಪಡದ ಮಂಕು ಅಕ್ಷರಗಳು ಸಿಕ್ಕವು. ಅಲ್ಲಿ ಪಟ್ಟಿಯಾಗುವ ತಪ್ಪುಗಳಲ್ಲಿ ವರ್ಷವರ್ಷವೂ ಮೊದಲ ಸ್ಥಾನ ಇದಕ್ಕೇ.

ನನ್ನ ಕೆಲಸ ಇಂಥ ತಪ್ಪು ಹುಡುಕುವುದು. ಕಂಪನಿ ಬೆಂಗಳೂರಿನಲ್ಲಿದೆ, ನಾನು ಬೆಳಕೆಯಲ್ಲಿದ್ದೇನೆ. ಭಟ್ಕಳದಿಂದ ಶಿರೂರಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ಗಮನಿಸದೆ ದಾಟಿಬಿಡುವ ಊರು ಇದು. ವೆಬ್‌ಸೈಟು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲವೆಂದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಮಧ್ಯಾಹ್ನವೇ ಮನೆಯೊಳಗೆ ಕತ್ತಲೆ. ಕರೆಂಟು ಹೋಗಿ, ಇದ್ದಷ್ಟು ಚಾರ್ಜು ಉಳಿಸಲು ಎಲ್ಲರೂ ಮೊಬೈಲಿನ ಬೆಳಕನ್ನು ತಗ್ಗಿಸಿಟ್ಟಿರುತ್ತಾರೆ. ಉಳಿದ ತಿಂಗಳುಗಳಲ್ಲಿ ಅಂಗಳದ ಬಿಸಿಲು ಎಷ್ಟು ಪ್ರಖರವೆಂದರೆ ಜಗಲಿಯ ನೆರಳಲ್ಲಿ ಕೂತವರ ಕಣ್ಣನ್ನೂ ಬಿಡುವುದಿಲ್ಲ. ಬೆಂಗಳೂರಿನ ಎಸಿ ಕೋಣೆಯಲ್ಲಿ, ಇಪ್ಪತ್ತೇಳು ಇಂಚಿನ ಮಾನಿಟರಿನ ಎದುರು, ಇಪ್ಪತ್ತೈದರ ಕಣ್ಣಿನಿಂದ ಆರಿಸಿದ ಬಣ್ಣ ಕೊನೆಗೆ ಬಂದು ಮುಟ್ಟುವುದು ಇಲ್ಲಿಗೆ.

ನಮ್ಮ ನೆರೆಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು. ಅವರು ಸದಸ್ಯರಾಗಿರುವ ಒಂದು ಸಹಕಾರ ಸಂಘ ಹೊಸದಾಗಿ ವೆಬ್‌ಸೈಟು ಮಾಡಿಸಿತ್ತು. ಸಾಲದ ವಿವರ, ಕಂತಿನ ದಿನಾಂಕ, ಮಹಾಸಭೆಯ ಠರಾವು ಎಲ್ಲವೂ ಅದರಲ್ಲಿ. ಒಂದು ಬೆಳಿಗ್ಗೆ ಮಾಸ್ತರರು ಮೊಬೈಲನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿಯುತ್ತ ನಮ್ಮ ಜಗಲಿಗೆ ಬಂದರು.

"ತಮಾ, ಇಲ್ಲಿ ಎಂತ ಬರೆದದ್ದು ನೋಡು ಮಾರಾಯ. ಎಣ್ಣೆ ತಾಗಿದ ಕಾಗದದ ಹಿಂದಿನ ಮಗ್ಗುಲು ಓದಿದ ಹಾಂಗೆ ಆಗ್ತದೆ. ಹದಿನಾರೋ ಹದಿನೆಂಟೋ?"

"ಹದಿನಾರು, ಮಾಸ್ತರ್ರೆ."

"ಕನ್ನಡಕ ಬದಲಿಸಿ ಆರು ತಿಂಗಳೂ ಆಗ್ಲಿಲ್ಲ. ಪೇಪರು ಲಾಯ್ಕ ಓದ್ತೆ. ಇದು ಮಾತ್ರ ಹೀಂಗೆ."

ಪೇಪರು ಓದುವ ಕಣ್ಣಿಗೆ ಇದೇಕೆ ಕಾಣುವುದಿಲ್ಲ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಇದೆ. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಪಟ್ಟಿಯಲ್ಲಿ ಅಕ್ಷರಗಳೆಲ್ಲ ಅಚ್ಚ ಕಪ್ಪು, ಮೇಲಿನಿಂದ ಕೆಳಕ್ಕೆ ಕಿರಿದಾಗುವುದು ಗಾತ್ರ ಮಾತ್ರ. 1862ರಲ್ಲಿ ಸ್ನೆಲೆನ್ ಎಂಬ ಡಚ್ ವೈದ್ಯ ಮಾಡಿದ ಏರ್ಪಾಡು ಅದು. ಗಾತ್ರ ಎಲ್ಲಕ್ಕೂ ಒಂದೇ ಆಗಿದ್ದು, ಅಕ್ಷರ ಕಪ್ಪಿನಿಂದ ಬೂದಿಗೆ, ಬೂದಿನಿಂದ ಇಲ್ಲವೇ ಇಲ್ಲ ಎನ್ನುವಷ್ಟಕ್ಕೆ ಮಾಸುತ್ತ ಹೋಗುವ ಇನ್ನೊಂದು ಪಟ್ಟಿಯೂ ಇದೆ. 1988ರಲ್ಲಿ ಬಂದ ಅದಕ್ಕೆ ಪೆಲ್ಲಿ–ರಾಬ್ಸನ್ ಪಟ್ಟಿ ಎಂದು ಹೆಸರು. ಮೊದಲನೆಯದರಲ್ಲಿ ಪಾಸಾದ ಕಣ್ಣು ಎರಡನೆಯದರಲ್ಲಿ ಫೇಲಾಗಬಹುದು. ವಯಸ್ಸಾದಂತೆ, ಪೊರೆ ಬೆಳೆಯತೊಡಗಿದಂತೆ ಆಗುವುದು ಇದೇ. ಕನ್ನಡಕ ಅಕ್ಷರವನ್ನು ಚೂಪು ಮಾಡಿಕೊಡುತ್ತದೆ, ಬೂದನ್ನು ಕಪ್ಪು ಮಾಡಿಕೊಡುವುದಿಲ್ಲ. ಬಿಳಿ ಪುಟದ ಮೇಲೆ ತಿಳಿ ಬೂದಿನಲ್ಲಿ ಬರೆದವನು ತಿಳಿಯದೆಯೇ ಊರಿನ ಹಿರಿಯರಿಗೆಲ್ಲ ಎರಡನೆಯ ಪರೀಕ್ಷೆ ಇಟ್ಟಿರುತ್ತಾನೆ.

ನಾನು ಆ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಮಾಡುವ ಕ್ರಮ ಸುಲಭ, ಯಾರು ಬೇಕಾದರೂ ಮಾಡಬಹುದು. ಕ್ರೋಮ್‌ನಲ್ಲಿ ಅನುಮಾನ ಬಂದ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ Inspect ಆರಿಸಿದರೆ ಪಕ್ಕದಲ್ಲಿ ಪುಟದ ಒಳಗಣ ಬರಹ ತೆರೆಯುತ್ತದೆ. Styles ಎಂಬ ಕಡೆ color ಎಂಬ ಪದದ ಮುಂದೆ ಬಣ್ಣದ ಪುಟ್ಟ ಚೌಕ ಇರುತ್ತದೆ. ಅದನ್ನು ಒತ್ತಿದರೆ Contrast ratio ಎಂದು ಒಂದು ಅಂಕಿ ಕಾಣುತ್ತದೆ. ಸಂಘದ ಪುಟದಲ್ಲಿ ಕಂತಿನ ದಿನಾಂಕದ ಸಾಲಿಗೆ ಬರೆದದ್ದು ಹೀಗಿತ್ತು:

```css
.vivara {
  color: #aaaaaa;
  font-size: 13px;
  font-weight: 300;
}
```

ಅಂಕಿ 2.32 ಬಂತು. ಬೇಕಾದದ್ದು ಕನಿಷ್ಠ 4.5.

ಈ 4.5 ಆಕಾಶದಿಂದ ಉದುರಿದ್ದಲ್ಲ, ಅದರ ಹಿಂದಿನ ಲೆಕ್ಕ ನನಗೆ ಇಷ್ಟ. ವೆಬ್‌ಸೈಟುಗಳು ಎಲ್ಲರಿಗೂ ಓದಲು ಬರಬೇಕೆಂದು ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಕೂಟ 2008ರಲ್ಲಿ ಹೊರಡಿಸಿದ ನಿಯಮಾವಳಿಯ ಎರಡನೆಯ ಆವೃತ್ತಿಯಲ್ಲಿ ಅದು ಬಂತು. ನೆಟ್ಟಗಿರುವ ಕಣ್ಣಿಗೆ ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಮೂರು ಇದ್ದರೆ ಸಾಕೆಂದು ಹಳೆಯ ಮಾನಕಗಳು ಹೇಳುತ್ತಿದ್ದವು. ನಮ್ಮ ಕಣ್ಣಿನ ಚೀಟಿಯ ಭಾಷೆಯಲ್ಲಿ 6/12ಕ್ಕೆ ಇಳಿದ ಕಣ್ಣಿಗೆ, ಅಂದರೆ ಎಂಬತ್ತರ ಆಸುಪಾಸಿನಲ್ಲಿ ಸಾಮಾನ್ಯವಾದ ಕಣ್ಣಿಗೆ, ಆ ಮೂರರ ಒಂದೂವರೆ ಪಟ್ಟು ಬೇಕೆಂದು ಲೆಕ್ಕ ಹಾಕಿದರು. ಹಾಗೆ 4.5 ಆಯಿತು. ದೃಷ್ಟಿ 6/24ಕ್ಕೆ ಇಳಿದವರಿಗಾಗಿ ಏಳು ಎಂಬ ಇನ್ನೊಂದು ಮೇಲಿನ ಮೆಟ್ಟಿಲಿದೆ. ಅಕ್ಷರ ದೊಡ್ಡದಾಗಿದ್ದರೆ, ಅಂದರೆ 24 ಪಿಕ್ಸೆಲ್ ಅಥವಾ ದಪ್ಪ ಅಕ್ಷರವಾದರೆ ಸುಮಾರು 19 ಪಿಕ್ಸೆಲ್ ಇದ್ದರೆ, ಮೂರಕ್ಕೆ ವಿನಾಯಿತಿ ಉಂಟು. ಅಂಕಿಯನ್ನು ಮೇಲಕ್ಕೆ ದುಂಡು ಮಾಡಿಕೊಳ್ಳುವ ಹಾಗಿಲ್ಲ. ಬಿಳಿಯ ಮೇಲೆ #767676 ಎಂಬ ಬೂದು 4.54 ಪಡೆದು ಪಾಸು, ಅದಕ್ಕಿಂತ ಒಂದೇ ಒಂದು ಕೂದಲೆಳೆ ತಿಳಿಯಾದ #777777 ಎಂಬುದು 4.48 ಪಡೆದು ಫೇಲು. ಎಸ್ಸೆಸ್ಸೆಲ್ಸಿಯಲ್ಲಿ ಕೊಡುತ್ತಿದ್ದಂಥ ಗ್ರೇಸ್ ಮಾರ್ಕು ಇಲ್ಲಿಲ್ಲ.

ಅನುಪಾತ ಬರುವುದು ಹೀಗೆ. ಬಣ್ಣದ ಬೆಳಕನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹಿಡಿಯುತ್ತಾರೆ. ಕಪ್ಪು ಸೊನ್ನೆ, ಬಿಳಿ ಒಂದು. ಹೆಚ್ಚು ಬೆಳಕಿನದಕ್ಕೂ ಕಡಿಮೆ ಬೆಳಕಿನದಕ್ಕೂ 0.05 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಸಂಘದ ಬೂದು, ಬಣ್ಣದ ಸಂಖ್ಯೆಯ ಲೆಕ್ಕದಲ್ಲಿ 255ಕ್ಕೆ 170, ಅಂದರೆ ಮೂರರಲ್ಲಿ ಎರಡು ಪಾಲು. ಪರದೆಯ ಸಂಖ್ಯೆಗೂ ಅದು ಹೊರಸೂಸುವ ಬೆಳಕಿಗೂ ನೇರ ಲೆಕ್ಕವಿಲ್ಲದ್ದರಿಂದ ಬೆಳಕು ಬರುವುದು ಬಿಳಿಯ ಶೇಕಡಾ 40ರಷ್ಟು ಮಾತ್ರ. 1.05ನ್ನು ಸುಮಾರು 0.452ರಿಂದ ಭಾಗಿಸಿದರೆ 2.32 ಸಿಗುತ್ತದೆ. ಅಚ್ಚ ಕಪ್ಪಾಗಿದ್ದರೆ 1.05ನ್ನು 0.05ರಿಂದ ಭಾಗಿಸಿ 21. ಈ ಅಳತೆಗೋಲಿನ ತುತ್ತತುದಿ ಅದು.

ಮಧ್ಯೆ ಸುಮ್ಮನೆ ಕೂತ ಈ 0.05 ಏನು? ಪರದೆ ತಾನಾಗಿ ಬೀರುವ ಬೆಳಕಿನ ಜೊತೆಗೆ ಸುತ್ತಲಿನ ಬೆಳಕು ಗಾಜಿನ ಮೇಲೆ ಬಿದ್ದು ಪ್ರತಿಫಲಿಸುತ್ತದಲ್ಲ, ಅದಕ್ಕೆ ಕೊಟ್ಟ ಪಾಲು. ಕಪ್ಪು ಅಕ್ಷರ ಕೂಡ ಪೂರ್ತಿ ಕಪ್ಪಾಗಿ ಕಾಣದಿರುವುದು ಈ ಕಳ್ಳ ಬೆಳಕಿನಿಂದಲೇ. ಬಿಳಿಯ ಇಪ್ಪತ್ತರಲ್ಲಿ ಒಂದು ಪಾಲು ಎನ್ನುವುದು ಕೋಣೆಯೊಳಗೆ ಕೂತವರಿಗೆ ಸರಿಯಾದ ಲೆಕ್ಕ. ಬೆಳಕೆಯ ಜಗಲಿಗೆ ಇದು ಸಾಲುವುದಿಲ್ಲ.

ಮಾಸ್ತರರ ಮೊಬೈಲಿನ ಬಿಳಿ 400 ನಿಟ್ ಬೆಳಕು ಕೊಡುತ್ತದೆ ಎಂದಿಟ್ಟುಕೊಳ್ಳಿ, ಮಧ್ಯಮ ದರದ ಫೋನಿಗೆ ಅದು ಒಪ್ಪುವ ಅಂಕಿ. ಬಿಸಿಲು ಕಾದ ಅಂಗಳದ ಎದುರಿನ ಜಗಲಿಯಲ್ಲಿ ಹತ್ತು ಸಾವಿರ ಲಕ್ಸ್ ಬೆಳಕಿದ್ದು, ಗಾಜು ಅದರ ನೂರಕ್ಕೆ ಐದನ್ನು ಹಿಂದಕ್ಕೆ ಚೆಲ್ಲಿದರೆ ಸುಮಾರು 160 ನಿಟ್ ಆಗುತ್ತದೆ. ಅಂದರೆ ಬಿಳಿಯ ಹತ್ತರಲ್ಲಿ ನಾಲ್ಕು ಪಾಲು. ಈಗ ಅದೇ ಸೂತ್ರದಲ್ಲಿ 0.05 ತೆಗೆದು 0.4 ಇಟ್ಟು ನೋಡಿ. ಸಂಘದ ಬೂದು 2.32ರಿಂದ 1.75ಕ್ಕೆ ಇಳಿಯುತ್ತದೆ. ಪಾಸಾಗುವ #767676 ಎಂಬುದೂ 2.4ಕ್ಕೆ ಬರುತ್ತದೆ. ಅಚ್ಚ ಕಪ್ಪಿಗೇ ಸಿಗುವುದು ಮೂರೂವರೆ. ಮೊಬೈಲಿಗೆ ಅಂಗೈ ಅಡ್ಡ ಹಿಡಿದು, ಬೆನ್ನು ಬಿಸಿಲಿಗೆ ತಿರುಗಿಸಿ ಓದುವವರನ್ನು ನೀವೂ ನೋಡಿರುತ್ತೀರಿ. ಅವರು ಮಾಡುತ್ತಿರುವುದು ಈ 0.4ನ್ನು ಕಡಿಮೆ ಮಾಡುವ ಕೆಲಸ.

ಈ ಲೆಕ್ಕದಿಂದ ನನಗೊಂದು ಅಂಕಿ ಸಿಕ್ಕಿತು. ಜಗಲಿಯಲ್ಲಿ ಕೂತಾಗಲೂ ಆ ಹಳೆಯ ಮೂರು ಉಳಿಯಬೇಕಾದರೆ ಅಕ್ಷರ ಎಷ್ಟು ಕಪ್ಪಿರಬೇಕು? #444444 ಇಟ್ಟರೆ 3.06 ಬರುತ್ತದೆ. ಅದಕ್ಕಿಂತ ಸ್ವಲ್ಪ ತಿಳಿಯಾದ #4a4a4a ಇಟ್ಟರೆ ಮೂರರ ಕೆಳಗೆ ಜಾರುತ್ತದೆ. ಕೋಣೆಯೊಳಗಿನ ಲೆಕ್ಕದಲ್ಲಿ #444444 ಬಣ್ಣದ ಅನುಪಾತ 9.74. ನಿಯಮ ಕೇಳಿದ್ದರ ಎರಡರಷ್ಟಕ್ಕಿಂತ ಹೆಚ್ಚು, ಆದರೂ ಕಪ್ಪಲ್ಲ, ಬೂದೇ. ವಿನ್ಯಾಸದವರ ಮನಸ್ಸೂ ಉಳಿಯಿತು.

ಬಣ್ಣದ ಸಂಖ್ಯೆ ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಸೂತ್ರಕ್ಕೆ ಅಕ್ಷರದ ಗೆರೆ ದಪ್ಪವೋ ತೆಳುವೋ ಗೊತ್ತಾಗುವುದಿಲ್ಲ, ಬರೆದದ್ದು ಇಂಗ್ಲಿಷೋ ಕನ್ನಡವೋ ಎಂಬುದಂತೂ ಮೊದಲೇ ಗೊತ್ತಾಗುವುದಿಲ್ಲ. ಸಂಘದ ಆಫೀಸಿನ ಕೌಂಟರಿನಲ್ಲಿದ್ದ ಹಳೆಯ ಮಾನಿಟರಿನಲ್ಲಿ ಅದೇ ಪುಟ ಮಾಸ್ತರರ ಮೊಬೈಲಿಗಿಂತಲೂ ಕೆಟ್ಟದಾಗಿ ಕಾಣುತ್ತಿತ್ತು. ಅಲ್ಲಿ ಬಿಸಿಲಿಲ್ಲ, ಮೇಲೆ ಟ್ಯೂಬ್‌ಲೈಟ್ ಇದೆ. ಹಾಗಿದ್ದೂ ಯಾಕೆ? 13 ಪಿಕ್ಸೆಲಿನ ತೆಳು ಅಕ್ಷರದಲ್ಲಿ ಗೆರೆಯ ದಪ್ಪ ಒಂದು ಪಿಕ್ಸೆಲನ್ನೂ ತುಂಬುವುದಿಲ್ಲ. ಅರ್ಧ ಮಾತ್ರ ತುಂಬಿದ ಪಿಕ್ಸೆಲಿಗೆ ಯಂತ್ರ ಅರ್ಧ ಬಣ್ಣವನ್ನಷ್ಟೇ ಹಾಕುತ್ತದೆ, ಅಂಚು ನುಣುಪಾಗಿ ಕಾಣಲಿ ಎಂದು. ಹಾಗಾಗಿ #aaaaaa ಎಂದು ಬರೆದದ್ದು ಆ ಗೆರೆಯಲ್ಲಿ ಸುಮಾರು #d5d5d5 ಆಗಿ ಕೂರುತ್ತದೆ. ಬಿಳಿಯ ಎದುರು ಅದರ ಅನುಪಾತ 1.47. ಒತ್ತೊತ್ತಾಗಿ ಪಿಕ್ಸೆಲ್ ತುಂಬಿದ ಹೊಸ ಮೊಬೈಲಿನಲ್ಲಿ ಈ ತೊಂದರೆ ಕಡಿಮೆ. ಹಳೆಯ ಮಾನಿಟರಿನಲ್ಲಿ ಇದೇ ಮುಖ್ಯ ತೊಂದರೆ.

ಇಂಗ್ಲಿಷಿಗೆ ಇದು ಹೇಗೋ ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಅಕ್ಷರಗಳಲ್ಲಿ ಒಂದನ್ನೊಂದರಿಂದ ಬೇರೆ ಮಾಡುವ ಗುರುತುಗಳು ತೀರ ಸಣ್ಣವು. ದಕಾರ ಧಕಾರಗಳ ನಡುವೆ, ಬಕಾರ ಭಕಾರಗಳ ನಡುವೆ ಇರುವುದು ಕೆಳಗಿನ ಒಂದು ಸೀಳು ಅಷ್ಟೆ. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ ಠಕಾರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ನೇತಾಡುವವು. 13 ಪಿಕ್ಸೆಲಿನಲ್ಲಿ ಅವುಗಳ ಪಾಲಿಗೆ ಐದಾರು ಪಿಕ್ಸೆಲ್ ಸಿಕ್ಕಿದರೆ ಪುಣ್ಯ. ಮಾಸುವಾಗ ಮೊದಲು ಮಾಸುವುದು ಇವೇ. ಸಂಘದ ಪುಟದಲ್ಲಿ 'ಸಹಾಯಧನ'ದ ಸೀಳು ಕಾಣದೆ ಅದು ದನಕ್ಕೆ ಸಂಬಂಧಿಸಿದ ಯೋಜನೆಯಂತಿತ್ತು. 'ಠರಾವು' ಎಂಬುದರ ಚುಕ್ಕೆ ಅಳಿದು 'ರರಾವು' ಆಗಿತ್ತು. "ಮಹಾಸಭೇಲಿ ಇಷ್ಟು ವರ್ಷ ಕೂತ್ಕಂಡಿದ್ದೆ, ರರಾವು ಪಾಸು ಮಾಡಿದ್ದು ಇದೇ ಮೊದಲು" ಎಂದರು ಮಾಸ್ತರರು.

ಹೀಗಾಗಿ ಕನ್ನಡದ ಪುಟ ಪರೀಕ್ಷಿಸುವಾಗ ಅಂಕಿ ನೋಡಿದ ಮೇಲೆ ನಾನು ಮಾಡುವ ಇನ್ನೊಂದು ಕೆಲಸವಿದೆ. ಇಂಥ ಅಪಾಯದ ಅಕ್ಷರಗಳಿರುವ ಪದಗಳನ್ನೂ ಮೂರು, ಆರು, ಎಂಟು ಇರುವ ಅಂಕಿಗಳನ್ನೂ ಅದೇ ಬಣ್ಣ, ಅದೇ ಗಾತ್ರದಲ್ಲಿ ಹಾಕಿ, ಏನು ಬರೆದಿದೆ ಎಂದು ಗೊತ್ತಿಲ್ಲದವರಿಂದ ಜಗಲಿಯಲ್ಲಿ ಓದಿಸುವುದು. ವಾಕ್ಯ ಕೊಟ್ಟರೆ ಪ್ರಯೋಜನವಿಲ್ಲ. ವಾಕ್ಯದಲ್ಲಿ ಅರ್ಧ ಕಂಡರೂ ಉಳಿದರ್ಧವನ್ನು ತಲೆ ತುಂಬಿಕೊಳ್ಳುತ್ತದೆ. ದಿನಾಂಕ, ಖಾತೆ ನಂಬರು, ಸರ್ವೆ ನಂಬರಿಗೆ ಊಹೆಯ ಸಹಾಯ ಸಿಗುವುದಿಲ್ಲ. ವಿಚಿತ್ರವೆಂದರೆ ವಿನ್ಯಾಸದವರು ಮುಖ್ಯವಲ್ಲವೆಂದು ಬೂದು ಮಾಡಿಡುವುದು ಹೆಚ್ಚಾಗಿ ಇವನ್ನೇ.

ಸಂಘದ ಪುಟ ಮಾಡಿದ್ದು ಹತ್ತಿರದ ಪೇಟೆಯ ಇಬ್ಬರು ಹುಡುಗರು. ಕಾರ್ಯದರ್ಶಿಗಳು ಹೇಳಿದ್ದರಿಂದ ಒಬ್ಬ ಹುಡುಗ ನಮ್ಮನೆಗೇ ಬಂದ. ಒಳ್ಳೆಯ ಕೆಲಸಗಾರ, ಕೇಳಿದ್ದಕ್ಕೆ ಉತ್ತರ ಇಟ್ಟುಕೊಂಡಿದ್ದ.

"ಎಲ್ಲಾ ಕಪ್ಪಿಟ್ರೆ ಯಾವುದು ಮುಖ್ಯ ಅಂತ ಗೊತ್ತಾಗೂದು ಹ್ಯಾಂಗೆ ಅಣ್ಣ? ತಲೆಬರಹ ಎದ್ದು ಕಾಣ್ಬೇಕಲ್ಲ?"

ನ್ಯಾಯವಾದ ಮಾತು. ಆದರೆ ಅದಕ್ಕೆ ಬಣ್ಣವೇ ಬೇಕೆಂದಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಇದೇ ಕರಾವಳಿಯ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ತೆಗೆದಾಗ ಮುಖ್ಯವಲ್ಲದ ಸುದ್ದಿಗೆಂದು ಮಂದ ಮಸಿ ಬೇರೆ ಅರೆಯುವ ಪದ್ಧತಿ ಇರಲಿಲ್ಲ. ಆಮೇಲೆ ಬಂದ ಪತ್ರಿಕೆಗಳೂ ಬಹುಕಾಲ ಒಂದೇ ಕಪ್ಪು ಮಸಿಯಲ್ಲಿ ನಡೆದವು. ಗಾತ್ರ ಹಿಗ್ಗಿಸಿ, ಗೆರೆ ದಪ್ಪ ಮಾಡಿ, ಸುತ್ತ ಖಾಲಿ ಜಾಗ ಬಿಟ್ಟು ಯಾವುದನ್ನು ಮೊದಲು ಓದಬೇಕೆಂದು ತೋರಿಸಿದವು. ನಾವು ಕೂತು ಸಂಘದ ಪುಟದಲ್ಲೂ ಅದನ್ನೇ ಮಾಡಿದೆವು. ತಲೆಬರಹ ಇದ್ದಲ್ಲೇ ಇದ್ದು ಸ್ವಲ್ಪ ದೊಡ್ಡದಾಯಿತು, ಅದರ ಮೇಲೆ ಕೆಳಗೆ ಜಾಗ ಬಂತು. ವಿವರದ ಸಾಲು ಹೀಗಾಯಿತು:

```css
.vivara {
  color: #444444;
  font-size: 16px;
  font-weight: 400;
  line-height: 1.6;
}
```

ಕೊನೆಯ ಸಾಲು ಸಾಲುಗಳ ನಡುವಿನ ಅಂತರದ್ದು. ಇಂಗ್ಲಿಷಿಗೆ ಸರಿಹೋಗುವ ಅಂತರದಲ್ಲಿ ಕನ್ನಡ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಆಗ ಅಕ್ಷರ ಎಷ್ಟು ಕಪ್ಪಿದ್ದರೂ ಓದುವವರಿಗೆ ಸುಖವಿಲ್ಲ.

ಹುಡುಗ ಖುಷಿಯಿಂದ ಪುಟದ ಇನ್ನೊಂದು ಭಾಗ ತೋರಿಸಿದ. "ಇದರದ್ದು ಬಣ್ಣ #333333 ಅಣ್ಣ, ಸರಿ ಇತ್ತಲ್ಲ?" ಬಿಳಿಯ ಮೇಲೆ #333333 ಎಂದರೆ 12.63, ಧಾರಾಳವಾಯಿತು. ಕಣ್ಣಿಗೆ ಮಾತ್ರ ಅದು ಅಷ್ಟು ಕಪ್ಪಾಗಿ ಕಾಣುತ್ತಿರಲಿಲ್ಲ. ಹುಡುಕಿದರೆ ಆ ಇಡೀ ಪೆಟ್ಟಿಗೆಗೆ ಮೇಲುಗಡೆ ಎಲ್ಲೋ `opacity: 0.6` ಎಂದು ಬರೆದಿತ್ತು. ಅಂದರೆ ನೂರಕ್ಕೆ ನಲವತ್ತು ಪಾಲು ಹಿಂದಿನ ಬಿಳಿ ಅಕ್ಷರದೊಳಗೆ ಸೋರಿ ಬರುತ್ತದೆ. ನಿಜವಾಗಿ ಪರದೆಯ ಮೇಲೆ ಬರುವ ಬಣ್ಣ #858585, ಅನುಪಾತ 3.69. ಬರೆದ ಸಂಖ್ಯೆ ಓದಿದವನು ಪಾಸು ಹಾಕುತ್ತಾನೆ, ಪರದೆ ಓದಿದವನು ಫೇಲಾಗುತ್ತಾನೆ. ಹಿನ್ನೆಲೆಯಿಂದಲೂ ಇದೇ ಮೋಸ ಆಗುತ್ತದೆ. ಬಿಳಿ ಎಂದುಕೊಂಡ ಪೆಟ್ಟಿಗೆ ಎಷ್ಟೋ ಸಲ #f5f5f5 ಎಂಬ ಬಿಳಿಚು ಬೂದಾಗಿರುತ್ತದೆ, ಬರಿಗಣ್ಣಿಗೆ ಗೊತ್ತೂ ಆಗುವುದಿಲ್ಲ. ಬಿಳಿಯ ಮೇಲೆ ಅಂಚಿನಲ್ಲಿ ಪಾಸಾಗಿದ್ದ #767676 ಅದರ ಮೇಲೆ 4.17ಕ್ಕೆ ಇಳಿದು ಬಿದ್ದುಹೋಗುತ್ತದೆ. ಅಂಚಿನಲ್ಲಿ ಪಾಸಾಗುವ ಬಣ್ಣ ಆರಿಸಬಾರದು ಎನ್ನುವುದಕ್ಕೆ ಇದೊಂದು ಕಾರಣ ಸಾಕು.

ಅನುಮಾನ ಬಂದಾಗ ಪರದೆಯ ಮೇಲಿನ ಬಣ್ಣವನ್ನೇ ಹೆಕ್ಕುವ ಸಾಧನಗಳಿವೆ. ಅವುಗಳಲ್ಲೂ ಎಚ್ಚರ ಬೇಕು. ಅಕ್ಷರದ ಅಂಚನ್ನು ಹೆಕ್ಕಿದರೆ ಮೊದಲು ಹೇಳಿದ ಆ ಅರ್ಧ ತುಂಬಿದ ಪಿಕ್ಸೆಲ್ ಕೈಗೆ ಬರುತ್ತದೆ, ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪುಟವನ್ನು ಚೆನ್ನಾಗಿ ಹಿಗ್ಗಿಸಿ, ದಪ್ಪ ಗೆರೆಯ ನಡುವನ್ನು ಹೆಕ್ಕಬೇಕು.

ಅರ್ಜಿ ತುಂಬುವ ಖಾನೆಗಳ ವಿಷಯದಲ್ಲಿ ಮಾತ್ರ ಹುಡುಗನಿಗೂ ನನಗೂ ಸ್ವಲ್ಪ ಹೊತ್ತು ಜಟಾಪಟಿ ನಡೆಯಿತು. ಖಾನೆಯೊಳಗೆ 'ಇಲ್ಲಿ ಸದಸ್ಯತ್ವ ಸಂಖ್ಯೆ ಬರೆಯಿರಿ' ಎಂದು ತಿಳಿ ಬೂದಿನಲ್ಲಿತ್ತು. ಕಪ್ಪು ಮಾಡಿದರೆ ಖಾನೆ ಆಗಲೇ ತುಂಬಿದೆ ಎಂದು ಜನ ಮುಂದೆ ಹೋಗುತ್ತಾರೆ ಎಂದ ಅವನು. ಅದು ಅನುಭವದ ಮಾತು, ತಳ್ಳಿಹಾಕುವಂತಿಲ್ಲ. ಬೂದು ಬಿಟ್ಟರೆ ಓದಲಾಗುವುದಿಲ್ಲ ಎಂದ ನಾನೂ ತಪ್ಪಲ್ಲ. ನಿಯಮ ಇಂಥ ಸೂಚನೆಗೂ 4.5 ಕೇಳುತ್ತದೆ. ಎರಡು ಬೂದಿನ ನಡುವೆ ಚೌಕಾಸಿ ಮಾಡುವುದನ್ನು ಬಿಟ್ಟು ಸೂಚನೆಯನ್ನೇ ಖಾನೆಯ ಹೊರಗೆ, ಮೇಲ್ಗಡೆ, ಗಟ್ಟಿ ಬಣ್ಣದಲ್ಲಿ ಇಟ್ಟೆವು. ಅದರಿಂದ ಇನ್ನೊಂದು ಲಾಭವಾಯಿತು. ಒಳಗಿನ ಸೂಚನೆ ಬರೆಯಲು ಶುರು ಮಾಡಿದ ಕೂಡಲೆ ಮಾಯವಾಗುತ್ತದೆ, ಅರ್ಧ ಬರೆದ ಮೇಲೆ ಏನು ಕೇಳಿದ್ದರೆಂದು ಮರೆತವರಿಗೆ ದಿಕ್ಕಿಲ್ಲ. ಹೊರಗಿದ್ದದ್ದು ಅಲ್ಲೇ ಇರುತ್ತದೆ.

ಖಾನೆಗಳೆಲ್ಲ ತುಂಬುವವರೆಗೆ 'ಸಲ್ಲಿಸಿ' ಎಂಬ ಗುಂಡಿ ಬೂದಾಗಿ ಸತ್ತಂತಿರುವುದಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ಒತ್ತಲಾಗದ ಗುಂಡಿಗೆ ಕಾಂಟ್ರಾಸ್ಟ್ ಬೇಕಿಲ್ಲ ಎನ್ನುತ್ತದೆ ಅದು. ನನಗೆ ಈ ವಿನಾಯಿತಿ ಒಪ್ಪಿಗೆಯಾಗಿಲ್ಲ. ಮುಂದೆ ಒಂದು ಗುಂಡಿ ಇದೆ ಎಂದೇ ಕಾಣದವರು ಕೆಲಸ ಮುಗಿಯಿತೆಂದು ಮೊಬೈಲು ಬದಿಗಿಡುತ್ತಾರೆ.

ಹಾಗಾದರೆ ಎಲ್ಲವನ್ನೂ ಅಚ್ಚ ಕಪ್ಪು ಮಾಡಿ ಇಪ್ಪತ್ತೊಂದು ತೆಗೆದುಕೊಂಡುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಅಂಕಿ ಏರಿದಷ್ಟೂ ಓದುವ ಸುಖ ಏರುತ್ತದೆ ಎಂದೇನಿಲ್ಲ. ಮಾಸ್ತರರ ಮನೆಯಲ್ಲಿ ಅಮ್ಮನಿಗೆ ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಪೊರೆಯೊಳಗೆ ಬೆಳಕು ಚದುರುವುದರಿಂದ ಅಂಥವರಿಗೆ ಕುಕ್ಕುವುದು ಅಕ್ಷರವಲ್ಲ, ಹಿಂದಿನ ಬಿಳಿ. ಕತ್ತಲೆ ಕೋಣೆಯಲ್ಲಿ ಪೂರ್ತಿ ಬೆಳಕಿಟ್ಟ ಬಿಳಿ ಪುಟದ ಮೇಲೆ ಅಚ್ಚ ಕಪ್ಪು ಅಕ್ಷರ ನೋಡುತ್ತ ಹೋದರೆ ನೆಟ್ಟಗಿರುವ ಕಣ್ಣಿಗೂ ಆಯಾಸವೇ. ಅದಕ್ಕೆ ಮದ್ದು ಅಕ್ಷರವನ್ನು ಮಂಕು ಮಾಡುವುದಲ್ಲ. ಮೊಬೈಲಿನ ಬೆಳಕು ತಗ್ಗಿಸಿಕೊಳ್ಳಬಹುದು, ಪುಟ ಮಾಡುವವರು ಹಿನ್ನೆಲೆಯ ಬಿಳಿಯನ್ನು ಒಂದು ಗುಲಗಂಜಿಯಷ್ಟು ಮುರಿಯಬಹುದು. ಅಕ್ಷರ #333333 ಮತ್ತು #444444ರ ನಡುವೆ ಇದ್ದರೆ ಹಿನ್ನೆಲೆ ಹಾಗೆ ಮುರಿಯಲು ಬೇಕಾದಷ್ಟು ಅವಕಾಶ ಇರುತ್ತದೆ. ಅಂಚಿನಲ್ಲಿ ನಿಂತ ಬೂದಿಗೆ ಆ ಅವಕಾಶ ಇಲ್ಲ.

ಕಾನೂನೂ ಇದೆ. ಅಂಗವಿಕಲರ ಹಕ್ಕುಗಳ ಕಾಯಿದೆ ಬಂದದ್ದು 2016ರಲ್ಲಿ. ಸರಕಾರಿ ವೆಬ್‌ಸೈಟುಗಳಿಗೆ ಕೇಂದ್ರ ಹೊರಡಿಸಿದ ಮಾರ್ಗಸೂಚಿಯ 2023ರ ಆವೃತ್ತಿ ಈ 4.5ನ್ನು ಒಳಗೊಂಡ ಮಟ್ಟವನ್ನೇ ಕೇಳುತ್ತದೆ. ಡಿಜಿಟಲ್ ಸೇವೆ ಎಟಕುವುದು ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಹೇಳಿಯಾಗಿದೆ. ನಮ್ಮ ಸಂಘ ಸರಕಾರಿ ಅಲ್ಲ, ಯಾರೂ ನೋಟೀಸು ಕೊಡುತ್ತಿರಲಿಲ್ಲ. ಬದಲಾವಣೆ ಆದದ್ದು ಮಾಸ್ತರರ ಕಾಟಕ್ಕೆ.

ಈಗ ಆ ಪುಟದಲ್ಲಿ ಉಳಿದಿರುವ ತಿಳಿ ಬೂದು ಒಂದೇ, ತಳದಲ್ಲಿ ಪುಟ ಮಾಡಿದವರ ಹೆಸರು. ಅದನ್ನೂ ಕಪ್ಪು ಮಾಡು, ನಾಲ್ಕು ಜನ ಓದಿ ಕೆಲಸ ಕೊಟ್ಟಾರು ಎಂದೆ. ಹುಡುಗ ನಗುತ್ತ ಹೂಂ ಎಂದು ಹೋಗಿದ್ದಾನೆ.

ನಿಮ್ಮೂರಿನ ಸಂಘದ್ದೋ, ಶಾಲೆಯದ್ದೋ, ಬ್ಯಾಂಕಿನದ್ದೋ ಪುಟ ಓದಲು ಕಷ್ಟವಾದರೆ ಮೊದಲು ಕನ್ನಡಕದ ಅಂಗಡಿಗೆ ಓಡಬೇಡಿ. ಮನೆಯ ಹುಡುಗರಿಂದ ಆ ಸಾಲಿನ ಮೇಲೆ ಬಲಗುಂಡಿ ಒತ್ತಿಸಿ ಅಂಕಿ ನೋಡಿಸಿ. ದೂರು ಬರೆಯುವಾಗ 'ಓದಲಾಗುತ್ತಿಲ್ಲ' ಎಂದಷ್ಟೇ ಬರೆದರೆ ನಿಮ್ಮ ವಯಸ್ಸು ಕೇಳುತ್ತಾರೆ. ಯಾವ ಪುಟ, ಯಾವ ಸಾಲು, ಅಕ್ಷರದ ಬಣ್ಣ ಯಾವುದು, ಅನುಪಾತ ಎಷ್ಟಿದೆ, ಎಷ್ಟಿರಬೇಕಿತ್ತು ಎಂದು ಬರೆಯಿರಿ. ಯಾವ ಬಣ್ಣ ಇಡಬೇಕೆಂದು ಅವರೇ ಕೇಳಿದರೆ #444444 ಎನ್ನಿ.